ಕಾರಣ ಕೇಳಿ ನೋಟಿಸ್‌ಗೆ ಉತ್ತರ, ಆಮೇಲೆ ರಾಜೀನಾಮೆ: ಎರಡು ಕಾಗದ ಒಂದಕ್ಕೊಂದು ಬೆರೆಯದಿರಲಿ

ಕಾರಣ ಕೇಳಿ ನೋಟಿಸ್ ಕೈಗೆ ಬಂದ ದಿನ ಬಹಳ ಜನ ಮಾಡುವ ಕೆಲಸ ಒಂದೇ. ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಿಗ್ಗೆ ಎದ್ದು ಒಂದು ಉದ್ದದ ಪತ್ರ ಬರೆಯುತ್ತಾರೆ. ಅದರಲ್ಲಿ ಆರೋಪಕ್ಕೆ ಉತ್ತರವೂ ಇರುತ್ತದೆ, ಹಳೇ ನೋವೂ ಇರುತ್ತದೆ, ಮ್ಯಾನೇಜರ್ ಮೇಲಿನ ದೂರೂ ಇರುತ್ತದೆ. ಕೊನೆಗೆ "ಇದನ್ನೇ ನನ್ನ ರಾಜೀನಾಮೆ ಎಂದು ಪರಿಗಣಿಸಿ" ಅಂತ ಒಂದು ಸಾಲು. ನಾನು ಹಲವು ವರ್ಷ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ, ಅಂದರೆ ನೋಟಿಸ್ ಕಳಿಸುವ ಕಡೆ ಕೂತು ಕೆಲಸ ಮಾಡಿದವನು. ಇಂಥ ಪತ್ರ ಬಂದರೆ ಕಂಪನಿ ಏನು ಮಾಡುತ್ತದೆ ಗೊತ್ತಾ? ಕೊನೆಯ ಸಾಲನ್ನು ಮಾತ್ರ ಸ್ವೀಕರಿಸುತ್ತದೆ. "ಆರೋಪದ ಹಿನ್ನೆಲೆಯಲ್ಲಿ ನೌಕರರು ರಾಜೀನಾಮೆ ನೀಡಿದ್ದಾರೆ" ಅಂತ ಫೈಲಿನಲ್ಲಿ ಬರೆದು ಮುಗಿಸುತ್ತದೆ. ಬಾಕಿ ಎರಡು ಪುಟವನ್ನು ಯಾರೂ ಓದುವುದಿಲ್ಲ.

ಹಾಗಾಗಿ ಎರಡು ಕಾಗದ ಬೇಕು. ಸಮಜಾಯಿಷಿ ಒಂದು, ರಾಜೀನಾಮೆ ಇನ್ನೊಂದು. ನಡುವೆ ಕೆಲವು ದಿನಗಳ ಅಂತರ ಇರಲಿ. ಪರಿಚಯದವರೊಬ್ಬರು ಈಚೆಗೆ ಇದೇ ದಾರಿಯಲ್ಲಿ ಹೋದರು. ಅವರ ಕೆಲಸ ಹೇಗೆ ನಡೆಯಿತು ಅಂತ ಹೇಳುತ್ತಲೇ ಒಂದೊಂದು ಹೆಜ್ಜೆ ವಿವರಿಸುತ್ತೇನೆ. ಇದು ಖಾಸಗಿ ಕಂಪನಿಯ ಮಾತು. ಸರ್ಕಾರಿ ನೌಕರರ ರಾಜೀನಾಮೆ ಅಂಗೀಕಾರ ಆಗುವವರೆಗೆ ಜಾರಿಗೇ ಬರುವುದಿಲ್ಲ, ಅವರಿಗೆ ಸೇವಾ ನಿಯಮಗಳೇ ಬೇರೆ. ಅವರು ಇದನ್ನು ನೇರವಾಗಿ ಅನುಸರಿಸಬಾರದು.

ನಡೆದದ್ದು ಇಷ್ಟು

ಅವರು ಬಿಡಿಭಾಗಗಳ ಗೋದಾಮೊಂದರಲ್ಲಿ ಸ್ಟೋರ್ ಉಸ್ತುವಾರಿ. ಏಳು ವರ್ಷದ ಸರ್ವಿಸ್. ಜನವರಿ 19ರಿಂದ 24ರವರೆಗೆ ರಜೆಯಲ್ಲಿದ್ದರು. ವಾಪಸ್ ಬಂದ 27ನೇ ತಾರೀಕೇ ಸ್ಟಾಕ್ ಎಣಿಕೆ ನಡೆಯಿತು. 46 ಬೇರಿಂಗ್ ಕಡಿಮೆ ಬಂದವು. ಒಂದಕ್ಕೆ 3,000 ರೂಪಾಯಿ, ಒಟ್ಟು 1,38,000. ಫೆಬ್ರವರಿ 2, ಸೋಮವಾರ ಸಂಜೆ ಕೈಗೆ ನೋಟಿಸ್ ಬಂತು: "ನಿಮ್ಮ ನಿರ್ಲಕ್ಷ್ಯದಿಂದ ನಷ್ಟವಾಗಿದೆ, ನಿಮ್ಮ ಮೇಲೆ ಶಿಸ್ತು ಕ್ರಮ ಯಾಕೆ ತೆಗೆದುಕೊಳ್ಳಬಾರದು, ಮೂರು ದಿನದಲ್ಲಿ ಉತ್ತರಿಸಿ."

ಅವರಿಗೆ ಆಗಲೇ ಬೇರೆ ಕಡೆ ಹೋಗುವ ಮನಸ್ಸಿತ್ತು. "ಸುಮ್ನೆ ರಾಜೀನಾಮೆ ಬಿಸಾಕಿ ಹೋಗ್ತೀನಿ ಸರ್" ಅಂದರು. ಹಾಗೆ ಹೋಗಿದ್ದರೆ ಆ ನೋಟಿಸ್‌ಗೆ ಉತ್ತರವೇ ಇಲ್ಲದ ಫೈಲು ಅಲ್ಲಿ ಉಳಿಯುತ್ತಿತ್ತು. ಮುಂದೆ ಹೊಸ ಕಂಪನಿ ವಿಚಾರಿಸಿದರೂ, ಬಾಕಿ ಹಣದಲ್ಲಿ ನಷ್ಟ ಮುರಿದುಕೊಂಡರೂ, ಎದುರಿಗೆ ತೋರಿಸಲು ಇವರ ಹತ್ತಿರ ಒಂದು ಸಾಲೂ ಇರುತ್ತಿರಲಿಲ್ಲ.

ನೋಟಿಸ್ ತಗೊಳ್ಳುವಾಗ

ನೋಟಿಸ್ ತಗೊಳ್ಳಲು ನಿರಾಕರಿಸಬೇಡಿ. "ಸ್ವೀಕರಿಸಲು ನಿರಾಕರಿಸಿದರು" ಅಂತ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಗೋಡೆಗೆ ಅಂಟಿಸಿದರೆ ನಿಮಗೇ ನಷ್ಟ. ತಗೊಳ್ಳಿ, ಆದರೆ ಕಂಪನಿಯ ಪ್ರತಿಯ ಮೇಲೆ ಸಹಿ ಹಾಕುವಾಗ ಅದರ ಜೊತೆ ನಾಲ್ಕು ಮಾತು ಬರೆಯಿರಿ: "ಪ್ರತಿ ತಲುಪಿದೆ. 2ನೇ ಫೆಬ್ರವರಿ, ಸಂಜೆ 5.40. ಒಳಗಿನ ವಿಷಯಕ್ಕೆ ಒಪ್ಪಿಗೆ ಅಲ್ಲ." ಸಮಯ ಬರೆಯುವುದು ಯಾಕೆ ಅಂದರೆ, ಮೂರು ದಿನದ ಲೆಕ್ಕ ಎಲ್ಲಿಂದ ಶುರು ಅನ್ನುವುದಕ್ಕೆ ಅದೇ ಆಧಾರ. ನೋಟಿಸಿನ ಮೇಲೆ ಜನವರಿ 30 ಅಂತ ಹಾಕಿ ಸೋಮವಾರ ಸಂಜೆ ಕೊಡುವುದು ಹೊಸದೇನಲ್ಲ. ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನೂ ಎತ್ತಿಡಿ.

ಅದೇ ಹೊತ್ತಿನಲ್ಲಿ ಯಾರಾದರೂ ಕ್ಯಾಬಿನ್‌ಗೆ ಕರೆದು "ಒಂದು ಮುಚ್ಚಳಿಕೆ ಬರೆದುಕೊಡಿ, ವಿಷಯ ಇಲ್ಲಿಗೇ ಮುಗಿಸೋಣ" ಅನ್ನಬಹುದು. ಮುಚ್ಚಳಿಕೆ ಅಂದರೆ ತಪ್ಪು ಒಪ್ಪಿಕೊಂಡ ಕಾಗದ. ವಿಷಯ ಮುಗಿಯುವುದು ಅವರಿಗೆ, ನಿಮಗಲ್ಲ. "ನೋಟಿಸ್‌ಗೆ ಬರಹದಲ್ಲೇ ಉತ್ತರ ಕೊಡ್ತೀನಿ ಸರ್" ಅಂತ ಮರ್ಯಾದೆಯಿಂದ ಹೇಳಿ ಹೊರಗೆ ಬನ್ನಿ. ಮನೆಗೆ ಹೋದ ಮೇಲೆ ಯಾರು ಕರೆದರು, ಎಷ್ಟು ಹೊತ್ತಿಗೆ, ಏನಂದರು ಅಂತ ಆವತ್ತೇ ಬರೆದಿಡಿ. ನಾಲ್ಕು ತಿಂಗಳಾದ ಮೇಲೆ ನೆನಪಿನಿಂದ ಬರೆದದ್ದಕ್ಕೆ ಆ ತೂಕ ಇರುವುದಿಲ್ಲ.

ಮಾರನೇ ದಿನ: ದಾಖಲೆ ಕೇಳುವ ಪತ್ರ

ಮೂರನೇ ತಾರೀಕು ಅವರು ಕಳಿಸಿದ್ದು ಉತ್ತರ ಅಲ್ಲ, ಆರು ಸಾಲಿನ ಒಂದು ಮನವಿ. ಎಣಿಕೆಯ ಹಾಳೆ, ಬೇರಿಂಗ್‌ಗಳ ಸ್ಟಾಕ್ ರಿಜಿಸ್ಟರ್, 19ರಿಂದ 24ರವರೆಗಿನ ಗೇಟ್ ಪಾಸ್‌ಗಳು ಮತ್ತು ಡೆಲಿವರಿ ಚಲನ್‌ಗಳು, ಕೀ ರಿಜಿಸ್ಟರ್‌ನ 17ನೇ ತಾರೀಕಿನ ಪುಟ. ಇವುಗಳ ಪ್ರತಿ ಕೊಡಿ, ಕೊಟ್ಟ ಮೇಲೆ ಏಳು ದಿನ ಸಮಯ ಕೊಡಿ ಅಂತ.

ಆ ಕೀ ರಿಜಿಸ್ಟರ್ ವಿಷಯ ಸ್ವಲ್ಪ ಹೇಳಬೇಕು. ಸೆಕ್ಯೂರಿಟಿ ಮೇಜಿನ ಮೇಲೆ ದಾರಕ್ಕೆ ಪೆನ್ನು ಕಟ್ಟಿಟ್ಟ ಒಂದು ಉದ್ದ ಪುಸ್ತಕ ಅದು. ರಜೆಗೆ ಹೋಗುವ ಮುಂಚಿನ ಶನಿವಾರ, ಜನವರಿ 17ರಂದು, ಸಂಜೆ 6.10ಕ್ಕೆ ಇವರು ಸ್ಟೋರಿನ ಎರಡೂ ಕೀ ಸಹಾಯಕರಿಗೆ ಕೊಟ್ಟಿದ್ದಾರೆ. ಕೊಟ್ಟವರ ಸಹಿ, ತಗೊಂಡವರ ಸಹಿ, ಎರಡೂ ಇದೆ. 27ರ ಬೆಳಿಗ್ಗೆ 8.50ಕ್ಕೆ ವಾಪಸ್ ಪಡೆದಿದ್ದೂ ಅದೇ ಪುಟದಲ್ಲಿದೆ. ದಿನಾ ನಡೆಯುವ ಕೆಲಸ, ಯಾರೂ ಗಮನಿಸದ ಸಹಿ. ಇಡೀ ತಕರಾರು ಕೊನೆಗೆ ನಿಂತದ್ದು ಆ ಎರಡು ಸಾಲಿನ ಮೇಲೆ.

ದಾಖಲೆ ಕೇಳುವಾಗ ಹೀಗೆ ಪುಟ, ತಾರೀಕು, ನಂಬರ್ ಸಮೇತ ಕೇಳಿ. "ಸಂಬಂಧಪಟ್ಟ ಎಲ್ಲ ದಾಖಲೆ ಕೊಡಿ" ಅಂದರೆ ಯಾರೂ ಕೊಡುವುದಿಲ್ಲ. ಹೆಸರು ಹಿಡಿದು ಕೇಳಿದ ದಾಖಲೆಯನ್ನು ಕೊಡದಿದ್ದರೆ, ಕೊಡಲಿಲ್ಲ ಅನ್ನುವುದೇ ಮುಂದೆ ನಿಮ್ಮ ಪರವಾದ ಮಾತಾಗುತ್ತದೆ.

ಇಲ್ಲಿ ಒಂದು ತಪ್ಪು ಬಹಳ ಆಗುತ್ತದೆ. ಗಾಬರಿಯಲ್ಲಿ ಕಂಪನಿಯ ಸ್ಟಾಕ್ ಫೈಲು, ಗ್ರಾಹಕರ ಪಟ್ಟಿ ಎಲ್ಲವನ್ನೂ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುತ್ತಾರೆ. ಮೂರು ದಿನದಲ್ಲಿ ಎರಡನೇ ನೋಟಿಸ್ ಬರುತ್ತದೆ, ಗೌಪ್ಯ ಮಾಹಿತಿ ಹೊರಗೆ ಸಾಗಿಸಿದ ಆರೋಪ. ಮೊದಲಿನದಕ್ಕಿಂತ ಇದು ಗಟ್ಟಿ, ಯಾಕೆಂದರೆ ಸಾಕ್ಷಿ ಅವರ ಸರ್ವರ್‌ನಲ್ಲೇ ಇದೆ. ನಿಮ್ಮ ಹೆಸರಿಗೆ ಬಂದ ಪತ್ರ, ನೇಮಕಾತಿ ಪತ್ರ, ಸಂಬಳದ ಚೀಟಿ, ನಿಮ್ಮ ರಜೆ ಮಂಜೂರಾದ ಮೆಸೇಜು ಇಷ್ಟು ಇಟ್ಟುಕೊಳ್ಳಿ. ಬೇರೆ ದಾಖಲೆ ನೋಡಿದ್ದರೆ ಅದರ ನಂಬರ್ ಮತ್ತು ತಾರೀಕು ಬರೆದುಕೊಂಡರೆ ಸಾಕು.

ಉತ್ತರ ಬರೆಯುವ ರೀತಿ

ದಾಖಲೆ ಬರಲಿಲ್ಲ, ಸಮಯ ಕೊಟ್ಟೆವು ಅಂತಲೂ ಹೇಳಲಿಲ್ಲ. ಅಂಥ ಹೊತ್ತಿನಲ್ಲಿ ಕಾಯುತ್ತಾ ಕೂರಬಾರದು. ಸಮಯ ಕೇಳಿದ ಮಾತ್ರಕ್ಕೆ ಸಮಯ ಸಿಕ್ಕಂತಲ್ಲ. ಗಡುವಿನ ದಿನವೇ, 5ನೇ ತಾರೀಕು ಗುರುವಾರ, ತಮಗೆ ಗೊತ್ತಿದ್ದಷ್ಟಕ್ಕೆ ಅವರು ಉತ್ತರ ಕೊಟ್ಟರು. ಮೊದಲ ಪ್ಯಾರಾದಲ್ಲೇ "3ನೇ ತಾರೀಕು ಕೇಳಿದ ದಾಖಲೆಗಳು ಬಂದಿಲ್ಲ. ಅವು ಸಿಕ್ಕ ಮೇಲೆ ಹೆಚ್ಚಿನ ಉತ್ತರ ಕೊಡುವ ಹಕ್ಕು ಉಳಿಸಿಕೊಂಡಿದ್ದೇನೆ" ಅಂತ ಬರೆದರು.

ಆಮೇಲೆ ನೋಟಿಸಿನ ಒಂದೊಂದು ವಾಕ್ಯಕ್ಕೆ ಒಂದೊಂದು ಪ್ಯಾರಾ, ನಂಬರ್ ಹಾಕಿ. ಪ್ರತಿ ವಾಕ್ಯಕ್ಕೂ ಮೂರರಲ್ಲಿ ಒಂದು ಉತ್ತರ ಇರಬೇಕು: ಇದು ನಿಜ, ಇದು ನಿಜವಲ್ಲ, ಇದು ನನಗೆ ತಿಳಿದಿಲ್ಲ. ಯಾವುದನ್ನೂ ಬಿಡಬಾರದು. ಬಿಟ್ಟ ಮಾತನ್ನು ಒಪ್ಪಿದ ಮಾತು ಅಂತ ಓದುವವರು ಇರುತ್ತಾರೆ.

ಅವರ ಕೈಯಲ್ಲಿ ಅದು ಹೀಗೆ ಬಂತು. 46 ಕಡಿಮೆ ಬಂದದ್ದು ನಿಜವೇ? "ಎಣಿಕೆಯ ದಿನ ನಾನು ಇದ್ದೆ. ಕಪಾಟಿನಲ್ಲಿ ಅಷ್ಟು ಕಡಿಮೆ ಇದ್ದದ್ದು ನಿಜ." ಅವೆಲ್ಲ ಕಳೆದುಹೋಗಿವೆಯೇ? "ನಿಜವಲ್ಲ. 30 ಬೇರಿಂಗ್‌ಗಳು 21ನೇ ತಾರೀಕು ತುರ್ತು ಆರ್ಡರ್‌ಗೆ ಹೊರಗೆ ಹೋಗಿವೆ. ಡೆಲಿವರಿ ಚಲನ್ ಇದೆ, ನಂಬರ್ ಇಂಥದ್ದು. ಅದು ಕಂಪ್ಯೂಟರಿಗೆ ಏರಿಲ್ಲ." ಉಳಿದ 16? "ನನಗೆ ತಿಳಿದಿಲ್ಲ. 17ರ ಸಂಜೆ 6.10ರಿಂದ 27ರ ಬೆಳಿಗ್ಗೆ 8.50ರವರೆಗೆ ಸ್ಟೋರ್ ನನ್ನ ವಶದಲ್ಲಿ ಇರಲಿಲ್ಲ. ಕೀ ರಿಜಿಸ್ಟರ್ ನೋಡಿ."

ಆ ಹದಿನಾರರ ಬಗ್ಗೆ ಬಹಳ ಜನ ಕಥೆ ಕಟ್ಟಲು ಹೋಗುತ್ತಾರೆ. ಸಹಾಯಕನೇ ತೆಗೆದಿರಬೇಕು, ಡ್ರೈವರ್ ಮೇಲೆ ಅನುಮಾನ ಅಂತ. ಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಆಧಾರ ಇಲ್ಲದೆ ಇನ್ನೊಬ್ಬರ ಹೆಸರು ಎತ್ತಿದರೆ ಅದು ತಪ್ಪು ಅನ್ನುವುದು ಒಂದು ಕಡೆ. ಅದು ಸುಳ್ಳಾದರೆ ನಿಮ್ಮ ಉಳಿದ ಹನ್ನೊಂದು ನಿಜದ ಮಾತೂ ಅದರ ಜೊತೆ ಬಿದ್ದುಹೋಗುತ್ತವೆ.

ಇನ್ನೊಂದು ಆರೋಪ ಇತ್ತು, ಡಿಸೆಂಬರ್ ತಿಂಗಳ ಎಣಿಕೆ ಮಾಡಿಲ್ಲ ಅಂತ. ಅದು ನಿಜವೇ. ಅವರು ಹೀಗೆ ಬರೆದರು: "ಡಿಸೆಂಬರ್ ಎಣಿಕೆ ನಡೆದಿಲ್ಲ. ಇಬ್ಬರು ಸಿಬ್ಬಂದಿ ಕಡಿಮೆ ಇದ್ದರು. ಎಣಿಕೆ ಸಾಧ್ಯವಾಗಲಿಲ್ಲ ಎಂದು 29ನೇ ಡಿಸೆಂಬರ್ ಮೇಲಧಿಕಾರಿಗೆ ಇಮೇಲ್ ಮಾಡಿದ್ದೇನೆ. ಇದು ನಿರ್ಲಕ್ಷ್ಯ ಎಂಬ ಮಾತನ್ನು ಒಪ್ಪುವುದಿಲ್ಲ." ನಡೆದ ಸಂಗತಿ ಒಪ್ಪಿಕೊಂಡರು, ಅದಕ್ಕೆ ಕಂಪನಿ ಇಟ್ಟ ಹೆಸರನ್ನು ಒಪ್ಪಲಿಲ್ಲ. ಈ ಎರಡನ್ನು ಬೇರೆ ಮಾಡುವುದೇ ಸಮಜಾಯಿಷಿಯ ಅರ್ಧ ಕೆಲಸ.

ನಮ್ಮಲ್ಲಿ ಪತ್ರದ ಕೊನೆಗೆ ಅಭ್ಯಾಸಬಲದಿಂದ ಬರುವ ಒಂದು ಸಾಲಿದೆ: "ನನ್ನಿಂದ ತಪ್ಪಾಗಿದ್ದಲ್ಲಿ ದಯವಿಟ್ಟು ಕ್ಷಮಿಸಿ." ಅದು ನಮ್ಮ ವಿನಯ, ನಿಜ. ಆದರೆ ವಿಚಾರಣಾ ವರದಿಯಲ್ಲಿ ಅದೇ ಸಾಲು "ನೌಕರರು ಕ್ಷಮೆ ಕೋರಿದ್ದಾರೆ" ಅಂತ ಆಗುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆ ಸಾಲನ್ನು ತೆಗೆದುಬಿಡಿ. "ವಿಚಾರಣೆಗೆ ಸಹಕರಿಸಲು ಸಿದ್ಧನಿದ್ದೇನೆ" ಅಂದರೆ ವಿನಯಕ್ಕೂ ಕೊರತೆಯಿಲ್ಲ. ಮ್ಯಾನೇಜರ್ ಹಿಂದೆ ಬೈದದ್ದು, ಪ್ರಮೋಷನ್ ತಪ್ಪಿದ್ದು ಇಲ್ಲಿ ಬೇಡ. ಅದು ನಿಜವಾದ ದೂರಾಗಿದ್ದರೆ ಅದಕ್ಕೆ ಬೇರೆ ಪತ್ರ ಬರೆಯಿರಿ.

ತಲುಪಿಸಿದ್ದಕ್ಕೆ ಗುರುತು

ಇಮೇಲ್‌ನಲ್ಲಿ ಪಿಡಿಎಫ್ ಕಳಿಸಿ, ಅದೇ ದಿನ ಕಾಗದದ ಪ್ರತಿಯನ್ನೂ ಕೊಡಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ, ನೇರ ಅಂಚೆ ಕಚೇರಿಗೆ ಹೋಗಿ. 2025ರ ಸೆಪ್ಟೆಂಬರ್‌ನಿಂದ ಹಳೆಯ ರಿಜಿಸ್ಟರ್ಡ್ ಪೋಸ್ಟ್ ಪ್ರತ್ಯೇಕವಾಗಿ ಇಲ್ಲ, ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್‌ಗೆ ರಿಜಿಸ್ಟ್ರೇಷನ್ ಸೇರಿಸಿ ಅಂತ ಕೇಳಿ, ರಸೀದಿ ಎತ್ತಿಡಿ. ಆ ರಸೀದಿಯ ಶಾಯಿ ಬೇಗ ಮಾಸುತ್ತದೆ, ಹಾಗಾಗಿ ಅವತ್ತೇ ಫೋಟೋ ತೆಗೆಯಿರಿ. ನಾಲ್ಕು ದಿನ ಬಿಟ್ಟು ಟ್ರ್ಯಾಕಿಂಗ್ ಪುಟದಲ್ಲಿ ತಲುಪಿದೆ ಅಂತ ಬಂದಾಗ ಅದನ್ನೂ ಪ್ರಿಂಟ್ ತೆಗೆದಿಡಿ.

ವಾಟ್ಸಾಪ್‌ನಲ್ಲಿ ನಡೆದ ಮಾತಿಗೆ ಸ್ಕ್ರೀನ್‌ಶಾಟ್ ಒಂದೇ ಸಾಲದು. ಮೆಸೇಜು ಇರುವ ಫೋನನ್ನು ಬದಲಾಯಿಸಬೇಡಿ, ಚಾಟ್ ಅಳಿಸಬೇಡಿ. ಮುಂದೆ ನ್ಯಾಯಾಲಯದಲ್ಲಿ ಪ್ರಿಂಟ್ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಪ್ರಮಾಣಪತ್ರ ಬೇಕಾಗುತ್ತದೆ, ಅದರಲ್ಲಿ ಯಾವ ಸಾಧನದಿಂದ ತೆಗೆದದ್ದು ಅಂತ ಹೇಳಬೇಕು.

ಈಗ ರಾಜೀನಾಮೆ, ಕೊಡುವುದೇ ಆದರೆ

ಮೊದಲು ಒಂದು ಪ್ರಶ್ನೆ ನೀವೇ ಕೇಳಿಕೊಳ್ಳಿ. ನಿಮಗೆ ಕೆಲಸ ಉಳಿಸಿಕೊಳ್ಳಬೇಕಾ, ಬಿಡಬೇಕಾ? ಉಳಿಸಿಕೊಳ್ಳಬೇಕಾದರೆ ರಾಜೀನಾಮೆ ಕೊಡಲೇಬೇಡಿ. ಸ್ವಂತ ಇಚ್ಛೆಯಿಂದ ಬಿಟ್ಟವರು ಆಮೇಲೆ "ನನ್ನನ್ನು ಅನ್ಯಾಯವಾಗಿ ತೆಗೆದರು" ಅಂತ ಹೋರಾಡುವುದು ಬಹಳ ಕಷ್ಟ. ಬಲವಂತದಿಂದ ಬರೆಸಿಕೊಂಡರು ಅಂತ ಸಾಬೀತು ಮಾಡುವ ಹೊಣೆ ನೌಕರನ ಮೇಲೇ ಬೀಳುತ್ತದೆ. ನಿಜಕ್ಕೂ ಹಾಗೆ ಬರೆಸಿಕೊಂಡಿದ್ದರೆ ಅದೇ ದಿನ, ತಪ್ಪಿದರೆ ಮಾರನೇ ದಿನ, ಬರಹದಲ್ಲಿ ತಿಳಿಸಿ. ಮೂರು ತಿಂಗಳು ಸುಮ್ಮನಿದ್ದು ಹೇಳಿದರೆ ನಂಬುವವರು ಕಡಿಮೆ.

ನಮ್ಮ ಸ್ಟೋರ್ ಉಸ್ತುವಾರಿಗೆ ಬಿಡುವ ಮನಸ್ಸೇ ಇತ್ತು. ಫೆಬ್ರವರಿ 9, ಸೋಮವಾರ ರಾಜೀನಾಮೆ ಕೊಟ್ಟರು. ಕಾರಣದ ಜಾಗದಲ್ಲಿ ಏನು ಬರೆಯಬೇಕು ಅಂತ ಅರ್ಧ ಗಂಟೆ ಮಾತಾಡಿದೆವು. ಎಲ್ಲರೂ ಬರೆಯುವ "ವೈಯಕ್ತಿಕ ಕಾರಣಗಳಿಂದ" ಬೇಡ ಅಂದೆ. ನಾಳೆ ಈ ತಕರಾರು ಎದ್ದರೆ, ಆಗ ನೀವೇ ಏನೂ ತಕರಾರಿಲ್ಲ ಅಂತ ಬರೆದಿದ್ದಿರಲ್ಲ ಅನ್ನುತ್ತಾರೆ. "ನಿಮ್ಮ ಕಿರುಕುಳದಿಂದ" ಅನ್ನುವುದೂ ಬೇಡ, ಅದಕ್ಕೆ ಆಧಾರ ಹೊಂದಿಸದೆ ಬರೆಯಬಾರದು. ಕೊನೆಗೆ ಪತ್ರ ಹೀಗಾಯಿತು:

"ಸ್ಟೋರ್ ಉಸ್ತುವಾರಿ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ 30 ದಿನಗಳ ನೋಟಿಸ್ ಅವಧಿ ಪೂರೈಸುತ್ತೇನೆ, ನನ್ನ ಕೊನೆಯ ಕೆಲಸದ ದಿನ ಮಾರ್ಚ್ 11. ಫೆಬ್ರವರಿ 2ರ ನೋಟಿಸ್‌ಗೆ ಫೆಬ್ರವರಿ 5ರಂದು ಉತ್ತರ ಕೊಟ್ಟಿದ್ದೇನೆ. ಆ ಉತ್ತರಕ್ಕೆ ಈಗಲೂ ಬದ್ಧನಿದ್ದೇನೆ. ಈ ರಾಜೀನಾಮೆಯನ್ನು ಯಾವ ಆರೋಪದ ಒಪ್ಪಿಗೆ ಎಂದೂ ತಿಳಿಯಬಾರದು. ವಿಚಾರಣೆ ಇದ್ದರೆ ಈ ಅವಧಿಯಲ್ಲಿ ಹಾಜರಾಗುತ್ತೇನೆ. ಸ್ಟೋರ್ ಯಾರಿಗೆ ಒಪ್ಪಿಸಬೇಕು ತಿಳಿಸಿ."

ಕಾರಣವೇ ಇಲ್ಲದ ರಾಜೀನಾಮೆ ಪತ್ರ ಇದು. ಕಾರಣ ಬರೆಯಲೇಬೇಕು ಅಂತ ಸಾಮಾನ್ಯವಾಗಿ ಯಾವ ನೇಮಕಾತಿ ಪತ್ರವೂ ಹೇಳುವುದಿಲ್ಲ, ನಿಮ್ಮದನ್ನು ಒಮ್ಮೆ ಓದಿ ನೋಡಿ. ತಾರೀಕು ಮಾತ್ರ ಸ್ಪಷ್ಟ ಇರಬೇಕು. ಮುಂದಿನ ತಾರೀಕಿಗೆ ಜಾರಿಯಾಗುವ ರಾಜೀನಾಮೆಯನ್ನು ಆ ತಾರೀಕಿನ ಮೊದಲು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದು. "ಈ ಕ್ಷಣದಿಂದಲೇ" ಅಂತ ಬರೆದರೆ ಆ ದಾರಿ ಮುಚ್ಚಿಹೋಗುತ್ತದೆ.

ಪತ್ರ ಕೊಟ್ಟ ಮೇಲೆ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಮುಖ ನೋಡಲು ಬೇಜಾರು ಅನಿಸುತ್ತದೆ, ಅರ್ಥವಾಗುತ್ತದೆ. ಆದರೆ ಎಂಟು ದಿನ ಹೋಗದಿದ್ದರೆ "ಹೇಳದೆ ಕೆಲಸ ಬಿಟ್ಟರು" ಅನ್ನುವ ಹೊಸ ಆರೋಪ ಹುಟ್ಟುತ್ತದೆ. ಬರಬೇಡಿ ಅಂತ ಬಾಯಲ್ಲಿ ಹೇಳಿದರೆ, "ನಾಳೆಯಿಂದ ಬರಬೇಡಿ ಎಂದು ಇಂದು 11 ಗಂಟೆಗೆ ತಿಳಿಸಿದ್ದೀರಿ, ಅದರಂತೆ ನಡೆಯುತ್ತಿದ್ದೇನೆ" ಅಂತ ಒಂದು ಇಮೇಲ್ ಹಾಕಿ. ವಿಚಾರಣೆ ಮುಗಿಯುವವರೆಗೆ ರಾಜೀನಾಮೆ ಒಪ್ಪುವುದಿಲ್ಲ ಅಂತ ಕೆಲವು ಕಂಪನಿಗಳು ಹೇಳುತ್ತವೆ. ನಿಯಮದಲ್ಲಿ ಅಂಥ ಷರತ್ತು ಇದೆಯಾ ಅಂತ ಕೇಳಿ, ಇದ್ದರೆ ಆ ವಿಚಾರಣೆಗೆ ಹೋಗಿ ಬನ್ನಿ.

ಒಪ್ಪಿಗೆ ಪತ್ರದ ಆ ಒಂದು ಸಾಲು

ಫೆಬ್ರವರಿ 13ಕ್ಕೆ ಕಂಪನಿಯ ಪತ್ರ ಬಂತು. ರಾಜೀನಾಮೆ ಅಂಗೀಕಾರವಾಗಿದೆ, ಮಾರ್ಚ್ 11ಕ್ಕೆ ಬಿಡುಗಡೆ. ಅವರು ಖುಷಿಯಿಂದ ಮಡಚಿ ಜೇಬಿಗೆ ಇಡುತ್ತಿದ್ದರು. ಮೊದಲ ಸಾಲು ಹೀಗಿತ್ತು: "ಸ್ಟಾಕ್ ಕೊರತೆಯ ಹಿನ್ನೆಲೆಯಲ್ಲಿ ತಾವು ಸಲ್ಲಿಸಿರುವ ರಾಜೀನಾಮೆ." ಅವರ ಪತ್ರದಲ್ಲಿ ಆ ಮಾತೇ ಇರಲಿಲ್ಲ. ಅದೇ ದಿನ ಉತ್ತರ ಹೋಯಿತು: "ನನ್ನ ಫೆಬ್ರವರಿ 9ರ ಪತ್ರದಲ್ಲಿ ಈ ಕಾರಣ ನೀಡಿಲ್ಲ. ಅಂಗೀಕಾರಕ್ಕೆ ಧನ್ಯವಾದ. ಆ ಸಾಲನ್ನು ಸರಿಪಡಿಸಲು ಕೋರುತ್ತೇನೆ." ಸರಿಪಡಿಸಲಿಲ್ಲ. ಪರವಾಗಿಲ್ಲ. ಆ ಸಾಲು ಇರುವ ಫೈಲಿನಲ್ಲೇ ಅದಕ್ಕೆ ಎದುರು ಸಾಲೂ ಈಗ ಇದೆ.

ಕೊನೆಯ ವಾರ ಸ್ಟೋರ್ ಒಪ್ಪಿಸುವಾಗ ಪ್ರತಿ ಸಾಮಾನಿನ ಎಣಿಕೆಯ ಪಟ್ಟಿ ಮಾಡಿ, ತಗೊಂಡವರ ಸಹಿ ಹಾಕಿಸಿದರು. ಎಣಿಕೆಯ ತಕರಾರಿನಲ್ಲೇ ಹೊರಟವರಿಗೆ ಇದು ತಪ್ಪಿಸಲಾಗದ ಕೆಲಸ.

ಲೆಕ್ಕ ಚುಕ್ತಾ ಮಾಡುವಾಗ

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಸಿಗಬೇಕು. ಗ್ರಾಚ್ಯುಟಿಗೆ 30 ದಿನ. ಇವರ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳ 22,000. ಅದನ್ನು 26ರಿಂದ ಭಾಗಿಸಿ, 15ರಿಂದ ಮತ್ತು 7 ವರ್ಷದಿಂದ ಗುಣಿಸಿದರೆ ಸುಮಾರು 88,846 ರೂಪಾಯಿ. ನಷ್ಟದ ಹೆಸರಲ್ಲಿ ಗ್ರಾಚ್ಯುಟಿ ತಡೆಯಲು ಕಾನೂನು ಅವಕಾಶ ಕೊಡುವುದು ಆ ತಪ್ಪಿಗಾಗಿ ಕೆಲಸದಿಂದ ತೆಗೆದಾಗ. ರಾಜೀನಾಮೆಯನ್ನು ಅಂಗೀಕರಿಸಿ ಕಳಿಸಿದವರ ವಿಷಯದಲ್ಲಿ ಅದು ಅನ್ವಯಿಸುವುದಿಲ್ಲ. ಒಪ್ಪಿಗೆ ಪತ್ರವನ್ನು ಜೋಪಾನ ಮಾಡಿ ಅನ್ನುವುದು ಅದಕ್ಕೇ.

ಸಂಬಳದಲ್ಲಿ ಮಾತ್ರ 16 ಬೇರಿಂಗ್‌ನ 48,000 ರೂಪಾಯಿ ಮುರಿದಿದ್ದರು. ಅಂದರೆ 30ರ ಲೆಕ್ಕವನ್ನು ಕಂಪನಿ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿತ್ತು. ಚುಕ್ತಾ ಕಾಗದದ ಕೆಳಗೆ ಅಚ್ಚಾಗಿದ್ದ ಸಾಲು: "ಇನ್ನು ಯಾವುದೇ ಬಾಕಿ ಅಥವಾ ತಕರಾರು ಇರುವುದಿಲ್ಲ." ಅವರು ಸಹಿಯ ಪಕ್ಕ "ಬಂದ ಹಣ ಪಡೆದಿದ್ದೇನೆ, 48,000 ಕಡಿತಕ್ಕೆ ಆಕ್ಷೇಪ ಇದೆ" ಅಂತ ಬರೆದು, ಆ ಪುಟದ ಫೋಟೋ ತೆಗೆದುಕೊಂಡರು. ಹಾಗೆ ಬರೆಯಲು ಬಿಡದಿದ್ದರೆ ಸಹಿ ಮಾಡಿ ಅದೇ ದಿನ ಆಕ್ಷೇಪವನ್ನು ಇಮೇಲ್ ಮಾಡಬೇಕು.

ನಷ್ಟದ ಹಣ ಮುರಿಯಬೇಕಾದರೆ ಸಾಮಾನು ಆ ನೌಕರನ ವಶಕ್ಕೆ ಒಪ್ಪಿಸಿದ್ದಿರಬೇಕು, ಅವನ ನಿರ್ಲಕ್ಷ್ಯದಿಂದಲೇ ಹೋಗಿರಬೇಕು, ಕಾರಣ ಹೇಳಲು ಅವಕಾಶವನ್ನೂ ಕೊಟ್ಟಿರಬೇಕು. ಅವಕಾಶವನ್ನೇನೋ ಕಂಪನಿ ಕೊಟ್ಟಿತ್ತು, ಫೆಬ್ರವರಿ 2ರ ನೋಟಿಸೇ ಅದು. ಆದರೆ ಫೆಬ್ರವರಿ 5ರ ಉತ್ತರದಲ್ಲಿ ಆ ಹತ್ತು ದಿನ ಕೀ ಯಾರ ಕೈಯಲ್ಲಿತ್ತು ಅಂತ ಗಂಟೆ ನಿಮಿಷದ ಸಮೇತ ಹೇಳಿತ್ತು, ಅದಕ್ಕೆ ಕಂಪನಿ ಮರುಮಾತು ಬರೆದಿರಲಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯಲು ಕೂತಾಗ ಅವರು ಹೊಸದಾಗಿ ಬರೆಯಬೇಕಾದದ್ದು ಒಂದೇ ಪುಟ. ತಾರೀಕಿನ ಪ್ರಕಾರ ಒಂಬತ್ತು ಸಾಲು, ಪ್ರತಿ ಸಾಲಿನ ಪಕ್ಕ ಅಡಕದ ನಂಬರ್. ಅಡಕ ನಾಲ್ಕು ಅಂದರೆ ಫೆಬ್ರವರಿ 5ರ ಉತ್ತರ, ಅದರ ಹಿಂದೆ ಪಿನ್ ಮಾಡಿದ ಅಂಚೆ ರಸೀದಿ.